ಕುರ್ಚಿ ಅಟ್ಟ ಸೇರಿದ ದಿನ

ನಿದ್ದೆಯಲ್ಲಿ ಹೆಂಡತಿಗೆ ಮತ್ತೆ ಒದೆಯುತ್ತೇನೆಂದು ಹೆದರಿ ದರ್ಜಿ ಕುರ್ಚಿಯಲ್ಲೇ ಎಚ್ಚರವಿದ್ದು ರಾತ್ರಿ ಕಳೆಯತೊಡಗಿದ. ನಿದ್ದೆಗೆಟ್ಟ ತಲೆ ಕೈಕೊಟ್ಟು, ಒಂದೇ ಅಂಗಿಗೆ ಎರಡೂ ಎಡತೋಳು ಹೊಲಿದಿಟ್ಟ. ಹೆಂಡತಿಯ ಅಣ್ಣನದೋ ಒಂದೇ ಹಟ: "ಬೇಕಂತಲೇ ಒದೀತಾನೆ."

ಅವಳು ಇಬ್ಬರನ್ನೂ ನಿದ್ರಾ ಚಿಕಿತ್ಸಾಲಯಕ್ಕೆ ಎಳೆದೊಯ್ದಳು. ದರ್ಜಿಯ ತಲೆಗೆ ತಂತಿ ಅಂಟಿಸಿ ಮಲಗಿಸಿದ ವೈದ್ಯೆ ಮರುದಿನ ಪರದೆಯ ಮೇಲಿನ ಗೆರೆಗಳನ್ನು ತೋರಿಸಿದರು.

"ಕನಸು ಬೀಳೋವಾಗ ಮೆದುಳು ಎಚ್ಚರದಷ್ಟೇ ಚುರುಕಾಗಿರುತ್ತೆ. ಅದಕ್ಕೇ ಕೈಕಾಲಿಗೆ ಬೀಗ ಹಾಕಿಡುತ್ತೆ. ಇವರಿಗೆ ಆ ಬೀಗ ಸರಿಯಾಗಿ ಬೀಳ್ತಿಲ್ಲ. ಮಾತ್ರೆ ಕೊಡ್ತೀನಿ, ಹತೋಟಿಗೆ ಬರುತ್ತೆ."

"ಕನಸಲ್ಲಿ ಯಾರಿಗ್ರೀ ಒದೀತಿದ್ರಿ?" ಎಂದಳು ಹೆಂಡತಿ.

"ಯಾರೋ ನಿನ್ನನ್ನ ಎಳ್ಕೊಂಡು ಹೋಗ್ತಿದ್ದ. ಅವನಿಗೆ."

ಅಣ್ಣ ನೆಲ ನೋಡಿದ. ಅವಳು ಗಂಡನ ಕೈಹಿಡಿದು ಎದ್ದಳು.

"ಅಣ್ಣಾ, ಮನೆಗೆ ಬಾ. ಆ ಕುರ್ಚೀನ ನೀನೇ ಅಟ್ಟಕ್ಕೆ ಹಾಕ್ಬೇಕು."