ಅಜ್ಜನ ಬೀಡಿಯ ಮೊದಲ ದಮ್ಮು

ಹದಿಮೂರನೇ ವಯಸ್ಸಿನಲ್ಲಿ ನಾನು ಜಗಳೂರು ಸಂತೆಗೆ ಬಂದಿದ್ದ ಎಂಟು ಸಾವಿರ ಕುರಿಗಳ ಮುಖವನ್ನು ಒಂದೇ ಒಂದು ಸಲ ನೋಡಿ, ಮನೆಗೆ ಬಂದು ಕಣ್ಣು ಮುಚ್ಚಿಕೊಂಡು, ಯಾವ ಕುರಿಗೆ ಯಾವುದು ಸೋದರತ್ತೆ ಆಗಬೇಕು ಎಂದು ಹೇಳಿದ್ದೆ. ನಂಬದಿದ್ದರೆ ನಮ್ಮೂರು ಬಿಳಿಚೋಡಿನಲ್ಲಿ ಯಾರನ್ನಾದರೂ ಕೇಳಿ. ಕುರಿಗಳನ್ನೇ ಕೇಳಿದರೂ ಸರಿ, ಅವು ನನ್ನ ಹೆಸರು ಹೇಳಿದರೆ ಎದ್ದು ನಿಲ್ಲುತ್ತಿದ್ದವು.

ನಮ್ಮ ಮನೆಯ ಕುರಿಗಳು ಅರವತ್ಮೂರು. ಅವಕ್ಕೆ ಬಣ್ಣ ಬಳಿಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಮುಖವೇ ಗುರುತು. ಕೆರೆಯ ಹತ್ತಿರ ಎರಡು ಹಿಂಡು ಬೆರೆತುಹೋದರೆ ಎಲ್ಲವನ್ನೂ ಒಂದು ಮುಳ್ಳುಬೇಲಿಯ ರೊಪ್ಪಕ್ಕೆ ಹೊಡೆದು, ಕುರಿಯ ಮುಖ ಗುರುತಿಸುವ ಕಣ್ಣಿದ್ದವನನ್ನು ಅದರ ಬಾಯಿಯಲ್ಲಿ ನಿಲ್ಲಿಸುತ್ತಿದ್ದರು. ಒಂದೊಂದೇ ಕುರಿ ಅವನ ಕಾಲ ಪಕ್ಕದಿಂದ ಆಚೆ ಬರಬೇಕು, ಅವನು 'ನಮ್ದು', 'ನಿಮ್ದು' ಅನ್ನಬೇಕು. ರೊಪ್ಪದ ಬಾಯಿ ದಾಟಿದ ಕುರಿಯ ಮೇಲೆ ಮತ್ತೆ ಮಾತಿಲ್ಲ. ಆ ಕೆಲಸವನ್ನು ನಲವತ್ತು ವರ್ಷ ಮಾಡಿದವನು ನನ್ನಜ್ಜ ಪಂಚಾಕ್ಷರಪ್ಪ. ಅವನ ಕಣ್ಣಿಗೆ ಪೊರೆ ಬಂದ ಮೇಲೆ ಅಲ್ಲಿ ನಿಂತವನು ನಾನು.

ಪೊರೆಯ ಜೊತೆಗೇ ಇನ್ನೊಂದೂ ಬಂತು. ಅಜ್ಜನಿಗೆ ಬೀಡಿಯ ತುದಿ, ಕಡ್ಡಿಯ ಬೆಂಕಿ ಎರಡನ್ನೂ ಕೂಡಿಸಲು ಆಗುತ್ತಿರಲಿಲ್ಲ. "ಮುರುಗಾ, ಒಲೆಯಾಗೆ ಹಚ್ಕಂಡು ಬಾರಲೇ" ಅನ್ನುತ್ತಿದ್ದ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹುಡುಗರು ಮಾಡುವ ಕೆಲಸವೇ ಅದು, ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಕೆಂಡ ಮುಟ್ಟಿಸಿ ಒಂದು ದಮ್ಮು ಎಳೆಯದಿದ್ದರೆ ಬೀಡಿ ಹತ್ತುವುದಿಲ್ಲ. ಒಲೆಯಿಂದ ಜಗಲಿಗೆ ಹನ್ನೆರಡು ಹೆಜ್ಜೆ, ನಡುವೆ ಮತ್ತೊಂದು ಎಳೆಯದಿದ್ದರೆ ಆರಿಹೋಗುತ್ತದೆ. ಮೊದಲ ದಿನ ಕೆಮ್ಮು, ತಲೆಸುತ್ತು. ಎರಡನೇ ತಿಂಗಳಿಗೆ ಅಜ್ಜ ಕರೆಯುವುದನ್ನೇ ಕಾಯುತ್ತಿದ್ದೆ. ಆರನೇ ತಿಂಗಳಿಗೆ ನನ್ನದೇ ಒಂದು ಕಟ್ಟು ಕಂಬಳಿಯ ಮಡಿಕೆಯಲ್ಲಿತ್ತು. ನಾನು ಬಿಟ್ಟ ಹೊಗೆ ಚಿತ್ರದುರ್ಗದ ಕೋಟೆಗೆ ಮಂಜು ಕವಿಸುತ್ತಿತ್ತು ಎಂದು ಬಸ್ಸಿನವರು ಹೇಳುತ್ತಿದ್ದರು.

ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಒಂದು ವಿಚಿತ್ರವಾಗಿತ್ತು. ಬೆಳಿಗ್ಗೆ ಬಾಯಿಪಾಠ ಮಾಡಿದ ಪದ್ಯ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಮೇಷ್ಟ್ರು ಶಿವಮೂರ್ತಪ್ಪನವರು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಪ್ರಶ್ನೆಯ ತಲೆ ಮರೆತಿರುತ್ತಿತ್ತು. ಎರಡನೇ ಪಿರಿಯಡ್ಡಿಗೆ ಕಾಲು ತಾನಾಗಿ ಅಲ್ಲಾಡುತ್ತಿತ್ತು. ಗಂಟೆ ಹೊಡೆದ ಕೂಡಲೇ ಜಾಲಿಮರದ ಹಿಂದೆ ಹೋಗಿ ಒಂದು ಬೀಡಿ ಸೇದಿದರೆ ತಲೆ ತಿಳಿಯಾಗುತ್ತಿತ್ತು. ಹಾಗಾಗಿ ಬೀಡಿಯೇ ಬುದ್ಧಿಗೆ ಒಳ್ಳೆಯದು ಎಂದು ನಾನು ತೀರ್ಮಾನಿಸಿದ್ದೆ. ಈ ಸಂಶೋಧನೆಗೆ ನನಗೆ ಏನಾದರೂ ಪದಕ ಬರಬೇಕಿತ್ತು.

ಮನೆಯಲ್ಲಿ ಹನ್ನೊಂದು ವರ್ಷದ ತಂಗಿ ದ್ಯಾಮಮ್ಮ ಇದ್ದಳು. ತಾಯಿ ಸತ್ತ ಒಂದು ಮರಿಗೆ ಬತ್ತಿಯಲ್ಲಿ ಹಾಲು ಹೀರಿಸಿ ಸಾಕಿದ್ದಳು. ಅದರ ಹೆಸರು ಗುಬ್ಬಿ. ಎಡಗಿವಿಯ ಅಂಚಿನಲ್ಲಿ ನಾಯಿ ಕಚ್ಚಿದ ಒಂದು ಕಚ್ಚು ಇತ್ತು. ಹಗಲು ಹಿಂಡಿನ ಜೊತೆ ಮೇದು, ರಾತ್ರಿ ಅವಳ ಹಾಸಿಗೆಯ ಪಕ್ಕದಲ್ಲೇ ಮಲಗುತ್ತಿತ್ತು.

ಎಂಬತ್ಮೂರನೇ ಇಸವಿ, ಭತ್ತದ ಕೊಯ್ಲು ಮುಗಿದ ದಿನಗಳು. ಊರಿನ ನಾಗೇಂದ್ರಪ್ಪ ತನ್ನ ಹಿಂಡನ್ನು ಹೊನ್ನಾಳಿ ಕಡೆಗೆ ಹೊಡೆಯುವವನಿದ್ದ. ಅಲ್ಲಿ ಕಾಲುವೆ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಿದರೆ ಮಳೆಗಾಲದ ತನಕ ತಿರುಗಿ ಬರುವುದಿಲ್ಲ. ಅವನು ಹೊರಡಲು ಎರಡು ದಿನವಿದ್ದಾಗ, ಒಂದು ಸಂಜೆ ಕೆರೆಯಲ್ಲಿ ಅವನ ಹಿಂಡೂ ನಮ್ಮದೂ ಬೆರೆತವು. ಮರುದಿನ ಬೆಳಿಗ್ಗೆ ರೊಪ್ಪದ ಬಾಯಿಯಲ್ಲಿ ನಿಂತೆ. ಎದುರಿಗೆ ಅಜ್ಜ, ಹಿರಿಯರಾದ ಬಸವರಾಜಪ್ಪನವರು, ಇನ್ನೂ ನಾಲ್ಕು ಜನ ಕಂಬಳಿ ಹಾಸಿ ಕೂತಿದ್ದರು. ಅವರ ಮುಂದೆ ಬೀಡಿ ಸೇದುವಂತಿಲ್ಲ. ಒಲೆಯ ಹತ್ತಿರ ಹಚ್ಚಿಕೊಡುವುದು ಸೇವೆ. ಹಿರಿಯರ ಮುಂದೆ ಸೇದಿದರೆ ಹಲ್ಲು ಉದುರಿಸುತ್ತಾರೆ.

ಮೊದಲ ಐವತ್ತು ಕುರಿ ಬಂದಂತೆ ನಿರಾಯಾಸವಾಗಿ ಹೇಳಿದೆ. ಬಿಸಿಲು ಏರಿತು. ಹಿಂದಿನ ರಾತ್ರಿಯ ಬೀಡಿಯೇ ಕೊನೆಯದಾಗಿತ್ತು. ಮುಖಗಳು ಒಂದರ ಮೇಲೊಂದು ಬೀಳತೊಡಗಿದವು. ಒಂದು ಕುರಿಯನ್ನು ನೋಡುತ್ತಿದ್ದಂತೆ ಹಿಂದಿನದು ಮರೆತು ಹೋಗುತ್ತಿತ್ತು. ಕಿವಿಯಲ್ಲಿ ನೊಣ ಕೂತಂತೆ ಸಿಟ್ಟು.

"ಅಣ್ಣಾ, ಅದು ನಮ್ದಲ್ಲ" ಎಂದಳು ಪಕ್ಕದಲ್ಲಿದ್ದ ದ್ಯಾಮಿ.

"ಬಾಯಿ ಮುಚ್ಚೇ. ನೀನು ನಿಂತ್ಕಂತೀಯೇನು ಇಲ್ಲಿ?"

"ಏನೋ ಮುರುಗಾ, ಹೆಣ್ಣುಮಗಳ ಮ್ಯಾಲೆ ರೇಗ್ತೀಯ" ಎಂದು ನಾಗೇಂದ್ರಪ್ಪ ನಕ್ಕ. "ನಿಧಾನಕ್ಕೆ ನೋಡಪ್ಪ. ಕುರಿ ಎಲ್ಲೂ ಓಡಿ ಹೋಗಂಗಿಲ್ಲ."

ಕೊನೆಗೆ ಲೆಕ್ಕ ಸರಿಯಾಗಿಯೇ ಇತ್ತು, ಅರವತ್ಮೂರು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ದ್ಯಾಮಿಯ ಪಕ್ಕದಲ್ಲಿ ಗುಬ್ಬಿ ಇರಲಿಲ್ಲ. ಅಷ್ಟರಲ್ಲಿ ನಾಗೇಂದ್ರಪ್ಪ ಕತ್ತಲಲ್ಲೇ ಹೊರಟುಹೋಗಿದ್ದ. ನಮ್ಮ ರೊಪ್ಪದಲ್ಲಿ ಗುರುತಿಲ್ಲದ ಒಂದು ಕುರಿ, ಕೆಚ್ಚಲು ಬಿಗಿದು, ಮೂರು ದಿನ ಕೂಗಿತು. ಅದರ ಮರಿ ಹೊನ್ನಾಳಿ ದಾರಿಯಲ್ಲಿತ್ತು. ಅಜ್ಜ ಬಂದು ಒಂದೊಂದರ ಮುಖ ಸವರಿ ಹೇಳಿದ: "ಮೂರು ನಮ್ಮವಲ್ಲ. ನಿನ್ನ ಕಣ್ಣಿಗೇನಾತಲೇ?"

"ನಾನು ಸರಿಯಾಗೇ ಹೇಳಿದ್ದೆ. ರಾತ್ರಿ ನಾಗೇಂದ್ರಪ್ಪನೇ ಬಂದು ಬದಲಾಯಿಸ್ಯಾನೆ" ಎಂದೆ.

ಬಾಯಿಗೆ ಅಷ್ಟು ಸುಲಭವಾಗಿ ಬಂತು. ಊರು ನಂಬಿತು, ಯಾಕೆಂದರೆ ಕಣ್ಣಿದ್ದವನ ಮಾತು. ನಾಗೇಂದ್ರಪ್ಪನ ಹೆಂಡತಿ ಕಸ್ತೂರಮ್ಮ ಬಾವಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ದ್ಯಾಮಿ ಅಳಲಿಲ್ಲ, ಮಾತನ್ನೂ ಆಡಲಿಲ್ಲ. ನಾನು ನೋಡಿದೆ. ಏನೂ ಅನ್ನಿಸಲಿಲ್ಲ. ಬೀಡಿ ಸೇದಿದೆ, ಆಗಲೂ ಏನೂ ಅನ್ನಿಸಲಿಲ್ಲ.

ಆದರೂ ಅಜ್ಜನಿಗೆ ಒಳಗೊಳಗೆ ಅನುಮಾನ. ಮೊಮ್ಮಗನಿಗೂ ಪೊರೆ ಬಂತೇನೋ ಎಂದು ಜಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಚನ್ನಗಿರಿಯವರು, ನಿಯಾಜ್ ಅಹಮದ್ ಎಂದು, ಇನ್ನೂ ಎಳೆಯ ವಯಸ್ಸು. ಗೋಡೆಯ ಮೇಲಿನ ಅತಿ ಸಣ್ಣ ಅಕ್ಷರವನ್ನೂ ಓದಿಬಿಟ್ಟೆ. ಅದರ ಕೆಳಗೆ ಅಚ್ಚು ಹಾಕಿದವನ ಹೆಸರನ್ನೂ ಓದಿದೆ ಅಂದುಕೊಳ್ಳಿ.

"ಕಣ್ಣು ಹದ್ದಿನ ಕಣ್ಣು ಐತೆ ಅಜ್ಜಾರೇ" ಎಂದ ಡಾಕ್ಟರು ನನ್ನ ಬಲಗೈ ಹಿಡಿದು ಬೆರಳ ತುದಿಯ ಹಳದಿ ನೋಡಿದರು. "ದಿನಕ್ಕೆ ಎಷ್ಟಪ್ಪ?"

"ಏನು ಸಾರ್?"

"ಬೀಡಿ."

ಅಜ್ಜ ಬೆಂಚಿನ ಮೇಲೆ ಸರಿದು ಕೂತ. ನಾನು ಹದಿನೈದಿದ್ದದ್ದನ್ನು ಐದು ಅಂದೆ.

"ಬೀಡಿಗೂ ಕುರಿಗೂ ಏನ್ರೀ ಸಂಬಂಧ?" ಎಂದ ಅಜ್ಜ.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಎಳೆದ ಹತ್ತಿಪ್ಪತ್ತು ಸೆಕೆಂಡಿಗೆ ಅದರೊಳಗಿನ ನಿಕೋಟಿನ್ ಮೆದುಳಿಗೆ ಹೋಗಿ ಕೂರ್ತದೆ. ಗಮನ ಇಡೋದು, ನೆನಪಿಡೋದು, ಸಿಟ್ಟು ತಡಕಳ್ಳೋದು ನಡೆಯೋ ಕಡೆ ಅದಕ್ಕೆ ಕೂರಾಕೆ ಮಣೆ ಇರ್ತಾವೆ. ದಿನಾ ಬರೋ ನೆಂಟ ಅಂತ ಮೆದುಳು ಇನ್ನಷ್ಟು ಮಣೆ ಹಾಕ್ತದೆ. ನೆಂಟ ಬರದ ದಿನ ಅಷ್ಟೂ ಮಣೆ ಖಾಲಿ. ಆಗ ಮನಸ್ಸು ಒಂದು ಕಡೆ ನಿಲ್ಲಂಗಿಲ್ಲ. ನೋಡಿದ್ದು ಒಳಗೆ ಇಳಿಯಂಗಿಲ್ಲ. ಸಣ್ಣದಕ್ಕೂ ರೇಗ್ತದೆ."

"ಎಳೆದರೆ ತಲೆ ಚುರುಕಾಗ್ತದಲ್ಲ ಸಾರ್" ಎಂದೆ, ನನ್ನ ಸಂಶೋಧನೆ ಮಂಡಿಸುತ್ತ.

"ತಾನು ಕಿತ್ಕಂಡಿದ್ದನ್ನೇ ಸ್ವಲ್ಪ ಹೊತ್ತು ಕೈಗೆ ಕೊಡ್ತದೆ. ಮತ್ತೆ ಕಿತ್ಕಂತದೆ. ಅದನ್ನ ಚುರುಕು ಅಂತೀಯ ನೀನು."

"ನಾನೂ ಸೇದ್ತೀನಲ್ರೀ, ನನಗೇನೂ ಆಗಿಲ್ಲ" ಎಂದ ಅಜ್ಜ.

"ನಿಮ್ಮ ಕೆಮ್ಮು ಗೇಟಿನ ಹತ್ರ ಇದ್ದಾಗಲೇ ಕೇಳಿಸ್ತು. ಎಷ್ಟನೇ ವಯಸ್ಸಿಗೆ ಶುರು ಮಾಡಿದ್ರಿ?"

"ಮೂವತ್ತಕ್ಕೆ."

"ನಿಮ್ಮದು ಆಗ ಕಟ್ಟಿ ಮುಗಿದ ಮನೆ. ಇವನದು ಹಸಿ ಗೋಡೆ. ಮುಂದಿನದು ಯೋಚಿಸೋ, ಮನಸ್ಸಿಗೆ ಲಗಾಮು ಹಾಕೋ ಭಾಗ ಮೆದುಳಿನಾಗೆ ಕೊನೆಗೆ ಬೆಳೆಯೋದು. ಹಸಿ ಗೋಡೆಗೆ ಬೆರಳು ಒತ್ತಿದರೆ ಗುರುತು ಉಳೀಬಹುದು. ಎಷ್ಟು ಉಳೀತದೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಬೇಗ ಬಿಟ್ಟಷ್ಟೂ ಒಳ್ಳೇದು. ಬಿಟ್ಟ ಮೊದಲ ಮೂರು ದಿನ ಮನೆಯಾಗೆ ಯಾರಿಗೂ ನೆಮ್ಮದಿ ಇರಂಗಿಲ್ಲ. ಮೂರ್ನಾಲ್ಕು ವಾರಕ್ಕೆ ಇಳೀತದೆ." ಆಮೇಲೆ ಕೇಳಿದರು: "ಯಾರು ಕಲಿಸಿದ್ರೋ?"

ಅಜ್ಜ ತನ್ನ ಎರಡೂ ಕೈಯನ್ನು ಮೊಣಕಾಲ ಮೇಲೆ ಮಗುಚಿ ಇಟ್ಟುಕೊಂಡು ಕೂತಿದ್ದ.

ಅಂದಿನಿಂದ ಅಜ್ಜ ನನ್ನನ್ನು ಕರೆಯಲಿಲ್ಲ. ಗೋಡೆ ಹಿಡಿದುಕೊಂಡು ಹನ್ನೆರಡು ಹೆಜ್ಜೆ ತಾನೇ ಹೋಗಿ, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆಂಡ ಹುಡುಕಿ ಬೆರಳು ಸುಟ್ಟುಕೊಳ್ಳುತ್ತಿದ್ದ. ನಾನಂತೂ ಆ ಸಂಜೆಯೇ ಬೀಡಿ ಕಟ್ಟನ್ನು ಎಸೆದುಬಿಟ್ಟೆ. ಎಷ್ಟು ಜೋರಾಗಿ ಎಂದರೆ ಅದು ನ್ಯಾಮತಿಯಲ್ಲಿ ಯಾರದೋ ಮಜ್ಜಿಗೆ ಗಡಿಗೆಗೆ ಬಿತ್ತು.

ಅಜ್ಜ ಎಲ್ಲರಿಗೂ ಹೇಳಿದ: "ನನ್ನಿಂದ ಹುಡುಗನ ಗಮನ ಕೆಟ್ಟಿತ್ತು, ಅದನ್ನ ನೋಡಿ ನಾಗೇಂದ್ರಪ್ಪ ಕೈಚಳಕ ತೋರಿಸ್ಯಾನೆ." ಡಾಕ್ಟರ ಮಾತು ನನ್ನ ಸುಳ್ಳಿಗೆ ಊರುಗೋಲಾಯಿತು. ನಾನು ಬೇಡ ಅನ್ನಲಿಲ್ಲ.

ಜೂನ್ ತಿಂಗಳು, ಮೊದಲ ಮಳೆ ಬಿದ್ದು ಎರಡು ದಿನಕ್ಕೆ, ನಾಗೇಂದ್ರಪ್ಪ ನಮ್ಮ ಜಗಲಿಯ ಮುಂದೆ ಬಂದು ನಿಂತ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಬಲಿತ ಕುರಿ. ಎಡಗಿವಿಯಲ್ಲಿ ಕಚ್ಚು.

"ಊರು ನನ್ನ ಕಳ್ಳ ಅಂತಂತೆ" ಎಂದ, ದನಿ ಏರಿಸದೆ. "ಕಸ್ತೂರಿ ಹೇಳಿದ್ಲು. ಪಂಚಾಕ್ಷರಣ್ಣ, ಇದು ಹೊನ್ನಾಳಿಯಾಗೆ ಲಂಗ ಹಾಕಿದ ಹುಡುಗಿ ಕಂಡ್ರೆ ಸಾಕು, ಹಿಂದೆ ಓಡೋದು. ಆ ದಿನ ರೊಪ್ಪದ ಬಾಯಾಗೆ ಈ ಮಗು ದ್ಯಾಮಿ 'ಗುಬ್ಬಿ, ಗುಬ್ಬಿ' ಅಂತ ಕೂಗಿದ್ಲು. ಇವನು ಅವಳ ಕೆನ್ನೆಗೆ ಹೊಡೆದು 'ನಿಮ್ದು, ಹೊಡ್ಕಂಡು ಹೋಗ್ರಿ' ಅಂದ. ನನ್ನ ಕಡೆ ತಿರುಗಿ ಹೇಳ್ದ, ಕಣ್ಣಿದ್ದೋನ ಮಾತು ಅಂತ ನಾನೂ ಹೊಡ್ಕಂಡು ಹೋದೆ. ನಿಮಗೆ ಅದು ಕಂಡಿಲ್ಲ, ಕುರಿ ಕೂಗಿನಾಗೆ ಕೇಳಿಸಿಯೂ ಇಲ್ಲ; ಬಸವರಾಜಪ್ಪನೋರೂ ಉಳಿದೋರೂ ಎದ್ದು ಹೋಗಿದ್ರು."

ಅಜ್ಜ ದ್ಯಾಮಿಯ ಕಡೆಗೆ ಮುಖ ತಿರುಗಿಸಿದ. "ಹೌದೇನವ್ವ?"

ಅವಳು ತಲೆಯಾಡಿಸಿದಳು. ಅಜ್ಜನಿಗೆ ಅದು ಕಾಣುವುದಿಲ್ಲ ಎಂದು ನೆನಪಾಗಿ, "ಹ್ಞೂಂ" ಎಂದಳು.

"ಮುರುಗಾ?"

ಈ ಜಿಲ್ಲೆಯಲ್ಲೇ ಯಾರೂ ಹೇಳಿರದ ಸುಳ್ಳು ಹುಡುಕಲು ಬಾಯಿ ತೆರೆದೆ. ಒಳಗೆ ಒಂದೂ ಇರಲಿಲ್ಲ.

"ಉಳಿದ ಎರಡು ನಿಜವಾಗ್ಲೂ ಗೊತ್ತಾಗ್ಲಿಲ್ಲ ಅಜ್ಜ. ಗುಬ್ಬಿ ಗೊತ್ತಿತ್ತು. 'ನಿಮ್ದು' ಅಂದ ಮ್ಯಾಲೆ ದ್ಯಾಮಿ ಕೂಗಿದ್ಲು, ಆಗ ಕಿವಿ ನೋಡ್ದೆ. ಅದು ನಮ್ದು ಅಂದ್ರೆ ಹಿಂದಿನವೂ ತಪ್ಪಾಗ್ಯಾವೆ ಅಂತ ಮತ್ತೆ ಮೊದಲಿಂದ ನಿಲ್ಲಿಸ್ತಿದ್ರಿ. ಇನ್ನೊಂದು ತಾಸು. ನನಗೆ ಬೀಡಿ ಬೇಕಾಗಿತ್ತು."

ಜಗಳೂರು ಸಂತೆಯಲ್ಲಿ ನಾನು ನೋಡಿದ ಕುರಿಗಳು ಎಂಟು ಸಾವಿರವಲ್ಲ, ನೂರೂ ಇರಲಿಕ್ಕಿಲ್ಲ.

"ಬೀಡಿ ಬಿಟ್ಟೀನಿ ಅಂದಿದ್ದೆಲ್ಲ" ಎಂದ ಅಜ್ಜ. "ಬಿಟ್ಟೀಯೇನು?"

"ಇಲ್ಲ."

ಕಂಬಳಿಯ ಮಡಿಕೆಯಲ್ಲಿ ಏಳು ಬೀಡಿಗಳಿದ್ದವು. ತೆಗೆದು ಅಜ್ಜನ ಕೈ ಪಕ್ಕದಲ್ಲಿ ಇಟ್ಟೆ. ಅವನು ಮುಟ್ಟಲಿಲ್ಲ. ದ್ಯಾಮಿ ಹಗ್ಗ ಬಿಚ್ಚುತ್ತಿದ್ದಳು. ನನ್ನ ಕಡೆ ನೋಡಲಿಲ್ಲ, ಗಂಟಿನ ಕಡೆಗೇ ನೋಡುತ್ತಿದ್ದಳು.