ಮಾರಿದ ಗೋದಾಮಿನ ಲಾಭ

ಷೇರು ದಲ್ಲಾಳಿ ಕಚೇರಿಗೆ ಹೊಸದಾಗಿ ಸೇರಿದ್ದ ಹುಡುಗಿ ತಾನು ಬರೆದ ಮೊದಲ ವರದಿಯನ್ನು ನನ್ನ ಮೇಜಿನ ಮೇಲಿಟ್ಟಳು. ಬಿಸ್ಕತ್ತು ಕಂಪನಿಯೊಂದರ ಮೂರು ತಿಂಗಳ ಲಾಭ ಹೋದ ವರ್ಷ ಇದೇ ಅವಧಿಯಲ್ಲಿ ಇಪ್ಪತ್ತು ಕೋಟಿ ಇತ್ತು, ಈಗ ಐವತ್ತಾಗಿದೆ, ಷೇರು ಕೊಳ್ಳಬಹುದು ಎಂದು ಬರೆದಿದ್ದಳು. ಅದು ಗ್ರಾಹಕರಿಗೆ ಹೋಗುವುದರಲ್ಲಿತ್ತು. ನನಗೆ ಮೈಯೆಲ್ಲ ಉರಿಯಿತು.

“ಕಂಪನಿ ಲೆಕ್ಕಪತ್ರದ ಕೊನೇ ಸಾಲು ನೋಡಿ ಕುಣಿದುಬಿಟ್ಟಿದ್ದೀಯ. ‘ಇತರೆ ಆದಾಯ’ ಯಾಕಿಷ್ಟು ಉಬ್ಬಿದೆ ಅಂತ ಕೆಳಗಿರೋ ವಿವರಣೆ ಓದಿದ್ಯಾ?”

ಅವಳು ಓದಿದಳು. ಗೋದಾಮು ಮಾರಿದ್ದರಿಂದ, ತೆರಿಗೆ ಕಳೆದು, ಮೂವತ್ತಾರು ಕೋಟಿ ಲಾಭ.

“ಹಾಗಾದ್ರೆ ಮಿಕ್ಕಿದ್ದು ಹದಿನಾಲ್ಕೇ,” ಎಂದಳು ಸಣ್ಣ ದನಿಯಲ್ಲಿ. “ಹೋದ ವರ್ಷಕ್ಕಿಂತ ಕಮ್ಮಿ ಆಗಿದೆ ಅಕ್ಕಾ.”

“ಬಿಸ್ಕತ್ತು ದಿನಾ ಮಾರಬಹುದು. ಗೋದಾಮನ್ನ ಇನ್ನೊಂದು ಸಲ ಮಾರೋಕಾಗುತ್ತಾ? ಮುಂದಿನ ಸಾಲೂ ಓದು.”

ಅದೇ ಗೋದಾಮನ್ನು ಕಂಪನಿ ಮುಂದಿನ ತಿಂಗಳಿಂದ ಬಾಡಿಗೆಗೆ ಪಡೆಯಲಿದೆ ಎಂದಿತ್ತು. ಅವಳು ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಳು. ಅತಿಯಾಗಿ ಬೈದೆನೇನೋ ಎನಿಸಿ ನೀರಿನ ಲೋಟವನ್ನು ಅವಳತ್ತ ಸರಿಸಿದೆ.

“ನಾನು ಚಿಕ್ಕವಳಿದ್ದಾಗ ನಮ್ಮಪ್ಪ ತಮ್ಮ ಟ್ಯಾಕ್ಸಿ ಮಾರಿದ್ರು,” ಎಂದಳು. “ಆ ತಿಂಗಳು ಮನೇಲಿ ಎಲ್ಲರಿಗೂ ಹೊಸ ಬಟ್ಟೆ. ಅಪ್ಪ ಈಗ ತುಂಬಾ ದುಡೀತಾರೆ ಅಂತ ಶಾಲೇಲೆಲ್ಲ ಹೇಳ್ಕೊಂಡು ಬಂದಿದ್ದೆ.”

“ಆಮೇಲೆ?”

ಅವಳು ವರದಿಯನ್ನು ಹಿಂದಕ್ಕೆ ಎಳೆದುಕೊಂಡಳು.

“ಆಮೇಲೆ ಅದೇ ಟ್ಯಾಕ್ಸೀನ ಬಾಡಿಗೆಗೆ ತಗೊಂಡು ಓಡಿಸ್ತಿದ್ರು.”