ಸೈಡ್‌ವಿಂಗಿನಲ್ಲಿ ಮಾತಾಡಿದ ಫೋನು

ಪುಟ್ಟಿಗೆ ನಲವತ್ತೆರಡು ವರ್ಷ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವ ಕೆಲಸ, ಕೂದಲೆಳೆಯಷ್ಟೂ ತಪ್ಪುವ ಹಾಗಿಲ್ಲ. ಸಂಜೆಯಾದರೆ ಬಸ್ ಡಿಪೋ ನೌಕರರ ನಾಟಕ ತಂಡಕ್ಕೆ ಪ್ರಾಂಪ್ಟರ್. ಅಂದರೆ ಸೈಡ್‌ವಿಂಗಿನ ಕತ್ತಲಲ್ಲಿ ನಿಂತು, ಯಾರಾದರೂ ಮಾತು ಮರೆತರೆ ಮೆಲ್ಲಗೆ ಹೇಳಿಕೊಡುವವಳು. ಡಿಪೋದ ಟಿಕೆಟ್ ಕೌಂಟರಿನಲ್ಲಿ ಕೂರುವ ಅಕ್ಕ ಆ ತಂಡದ ಮುಖ್ಯ ನಟಿ. ಅಕ್ಕ ಪುಟ್ಟಿ ಎಂದಳು, ಎಲ್ಲರೂ ಪುಟ್ಟಿ ಎಂದರು. ಇನ್ನು ಎಂಬತ್ತಾದರೂ ಅದೇ ಹೆಸರು, ಬಿಡಿ.

ಹೋದ ವರ್ಷ ಅಕ್ಕ ತುಂಬಿದ ಸಭೆಯ ಮುಂದೆ ಮಾತು ಮರೆತಿದ್ದಳು. ಪುಟ್ಟಿ ಹೇಳಿಕೊಟ್ಟದ್ದು ಕಿವಿಗೆ ಬೀಳಲಿಲ್ಲ, ಪರದೆ ಎಳೆಯಬೇಕಾಯಿತು. ಅಂದಿನಿಂದ ಅಕ್ಕನದು ಒಂದೇ ಮಾತು: "ಈ ಸಲನೂ ಹಾಗೇ ಆದ್ರೆ ಬಣ್ಣ ಹಚ್ಚೋದು ಬಿಟ್ಬಿಡ್ತೀನಿ." ಅಕ್ಕ ರಂಗ ಬಿಡುವುದೆಂದರೆ ಮೀನು ನೀರು ಬಿಟ್ಟ ಹಾಗೆ. ಪುಟ್ಟಿಗೆ ಅದನ್ನು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ಈ ಸಲದ ನಾಟಕ ಬರೆದವರು, ಆಡಿಸುವವರು ಎಲ್ಲ ತಂಡದ ಮೇಷ್ಟ್ರೇ. ಆ ಪುಣ್ಯಾತ್ಮನಿಗೆ ದಿನಕ್ಕೆರಡು ಸಲ ಮಾತು ತಿದ್ದದಿದ್ದರೆ ತಿಂದದ್ದು ಜೀರ್ಣವಾಗದು. ಕಾಗದಕ್ಕೆ ಇಳಿಸಿ ಪೂರೈಸುವುದಿಲ್ಲವೆಂದು ಎಲ್ಲವೂ ಪುಟ್ಟಿಯ ಫೋನಿಗೆ ಬರುತ್ತಿತ್ತು. ಕತ್ತಲಲ್ಲಿ ಓದಲಿಕ್ಕೂ ಅದೇ ಅನುಕೂಲ.

ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಶುರುವಾಯಿತು ನೋಡಿ ಗ್ರಹಚಾರ. ಮೂರನೇ ದೃಶ್ಯದ ತಾಲೀಮು. ವರ್ಷಗಳ ಮೇಲೆ ಮನೆಗೆ ಬಂದ ಮಗಳ ಮುಂದೆ ತಾಯಿಯ ಪಾತ್ರದ ಅಕ್ಕ ಸುಮ್ಮನೆ ನಿಂತಿದ್ದಳು. ಆಮೇಲೆ, "ಹೊತ್ತು ಎಷ್ಟಾಯ್ತು?" ಎಂದು ಕಿಟಕಿಯ ಕಡೆ ತಿರುಗಿದಳು.

"ಈಗ ಸಂಜೆ ಆರು ಗಂಟೆ ನಲವತ್ತು ನಿಮಿಷ," ಎಂದಿತು ಸೈಡ್‌ವಿಂಗು.

ಮಗಳ ಪಾತ್ರದವಳು ನಕ್ಕು ನಕ್ಕು ನೆಲಕ್ಕೆ ಕೂತಳು. ಮತ್ತೆ ಆಡಿಸಿದರು. ಈ ಸಲ ಅಕ್ಕ ಮುಂದಿನ ಮಾತಿಗೆ ಮುಂಚೆ ಸುಮ್ಮನೆ ನಿಂತು, ಗದ್ಗದ ದನಿಯಲ್ಲಿ, "ನಾನು ಇಷ್ಟು ವರ್ಷ ಯಾರಿಗೋಸ್ಕರ ಕಾದೆ?" ಎಂದು ಕೇಳಿದರೆ, "ಕ್ಷಮಿಸಿ, ಆ ಬಗ್ಗೆ ನನ್ನಲ್ಲಿ ಮಾಹಿತಿ ಇಲ್ಲ," ಎಂಬ ಉತ್ತರ ಬಂತು.

"ಅದರ ಬಾಯಿ ಮುಚ್ಚಿಸ್ರೀ!" ಎಂದು ಮೇಷ್ಟ್ರು ಹಾರಾಡಿದರು. "ಮಾತು ಮರೆಯದ ಹಾಗೆ ಕಾಯೋಕೆ ಇವಳನ್ನ ನಿಲ್ಸಿದ್ರೆ, ಬೇಲಿನೇ ಎದ್ದು ಹೊಲ ಮೇಯ್ತಿದೆಯಲ್ರೀ!"

ಪುಟ್ಟಿ ಸೆಟ್ಟಿಂಗ್ಸ್ ತೆರೆದು ಹುಡುಕಿದಳು. ಹೆಸರು ಹಿಡಿದು ಕರೆದರೆ ಫೋನಿನೊಳಗಿನ ಮಾತಾಡುವ ಸಹಾಯಕ ಎಚ್ಚರಗೊಳ್ಳುವ ಸ್ವಿಚ್ ಸಿಕ್ಕಿತು, ಆರಿಸಿದಳು. ಮೇಷ್ಟ್ರು ತಾವೇ ಬಂದು ಫೋನಿಗೆ ಬಾಯಿ ಹಚ್ಚಿ ಹತ್ತು ಸಲ ಅದರ ಹೆಸರು ಕೂಗಿದರು. ಅದು ಓಗೊಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಅದೇ ಜಾಗ, ಅದೇ ಮೌನ, ಟಿಣ್ ಎಂಬ ಸದ್ದು. "ಹೇಳಿ, ಏನು ಸಹಾಯ ಮಾಡಲಿ?"

ಪುಟ್ಟಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಧ್ವನಿ ಪೂರ್ತಿ ತಗ್ಗಿಸಿ ನೋಡಿದಳು. ಹಿಡಿತಕ್ಕೆ ಪಕ್ಕದ ಧ್ವನಿ ಗುಂಡಿ ಸಿಕ್ಕಿ, ಸದ್ದು ಮತ್ತೆ ಏರಿ ಕೂತಿತು. ಕೊನೆಗೆ ದೀಪ ಆಡಿಸುವ ಲೈಟ್ಸಣ್ಣ ಏಣಿಯಿಂದ ಇಳಿದು ಬಂದ. ಹಗಲು ಫೋನ್ ರಿಪೇರಿ ಅಂಗಡಿ ನಡೆಸುವ ಆಸಾಮಿ.

"ಇದಕ್ಕೆ ಬಾಗಿಲು ಎರಡು ಪುಟ್ಟಕ್ಕ," ಎಂದ. "ಕರೆದ್ರೆ ಬರೋದು ಒಂದು, ಅದನ್ನ ಮುಚ್ಚಿದ್ದೀರಿ. ಈ ಸೈಡ್ ಬಟನ್ ಒತ್ತಿ ಹಿಡಿದ್ರೂ ಬರುತ್ತೆ. ಅದು ತೆರೆದೇ ಇದೆ."

"ನಾನೆಲ್ಲಿ ಒತ್ತಿದೆ? ಬೆರಳು ತಗುಲಿದ್ರೆ ಸ್ಕ್ರೀನ್ ಆರುತ್ತೆ, ಅಷ್ಟೇ."

"ತಗುಲಿದ್ರೆ ಆರುತ್ತೆ. ಒಂದು ಗಳಿಗೆ ಬಿಡದೆ ಅಮುಕಿದ್ರೆ ಇವನು ಎದ್ದು ಬರ್ತಾನೆ. ನಿಮ್ಮ ಹೆಬ್ಬೆರಳು ನೋಡ್ಕೊಳ್ಳಿ."

ಹೆಬ್ಬೆರಳಿನ ಮೇಲೆ ಗುಂಡಿಯ ಅಚ್ಚು ಕೆಂಪಗೆ ಮೂಡಿತ್ತು. ಪುಟ್ಟಿ ಕುಂಬಳಕಾಯಿ ಕಳ್ಳನ ಹಾಗೆ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡಳು. ಅಕ್ಕನ ಕಣ್ಣು ತಪ್ಪಿಸುವುದು ಸುಲಭವೇ? ಟಿಕೆಟ್ ಕೌಂಟರಿನಲ್ಲಿ ಸುಳ್ಳು ವಯಸ್ಸು ಹೇಳುವವರನ್ನು ದಿನಾ ಹಿಡಿಯುವವಳು.

"ಎಲ್ಲಾ ಸಲನೂ ನಾನು ಸುಮ್ನೆ ನಿಂತಾಗಲೇ ಅದು ಕೂಗಿದ್ದು," ಎಂದಳು ಅಕ್ಕ. "ಬೇರೆ ಯಾರ ಮಾತಿಗೂ ಇಲ್ಲ. ನಾನು ಮರೆತೆ ಅಂದ್ಕೊಂಡು ಫೋನ್ ಬಿಗಿ ಹಿಡ್ಕೊಳ್ತೀಯ ಅಲ್ವೇನೆ?"

ಪುಟ್ಟಿ ತಲೆ ತಗ್ಗಿಸಿದಳು. ನಿಜವನ್ನು ಅಲ್ಲಗಳೆಯುವುದು ಹೇಗೆ? ಅಕ್ಕ ಬಾಯಿ ಮುಚ್ಚಿದ ಕೂಡಲೇ ಹೋದ ವರ್ಷದ ಆ ಪರದೆ ಕಣ್ಣಿಗೆ ಕಟ್ಟುತ್ತಿತ್ತು, ಮುಷ್ಟಿ ತಾನಾಗಿ ಬಿಗಿಯುತ್ತಿತ್ತು.

"ಊರೆಲ್ಲ ನಂಬದಿದ್ರೂ ನೀನು ನಂಬ್ತೀಯ ಅಂದ್ಕೊಂಡಿದ್ದೆ," ಎಂದು ಅಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಪುಟ್ಟಿಯ ಕಣ್ಣು ತುಂಬಿ ಬಂತು.

ಲೈಟ್ಸಣ್ಣನೇ ಫೋನ್ ಇಸಿದುಕೊಂಡ. ಸೆಟ್ಟಿಂಗ್ಸ್‌ನಲ್ಲಿ ಸೈಡ್ ಬಟನ್ ಎಂಬಲ್ಲಿಗೆ ಹೋಗಿ, ಒತ್ತಿ ಹಿಡಿದಾಗ ಸಹಾಯಕನ ಬದಲು ಪವರ್ ಆಫ್ ಮೆನು ಬರುವಂತೆ ಮಾಡಿದ. "ಇನ್ನು ಎಷ್ಟು ಹಿಂಡಿದ್ರೂ ತುಟಿ ಪಿಟಕ್ಕೆನ್ನಲ್ಲ," ಎಂದ. ಬಾಕಿ ಎರಡು ದಿನದ ತಾಲೀಮಿನಲ್ಲಿ ಫೋನು ಮೂಗನಂತೆ ಇತ್ತು. ಅಕ್ಕನೂ ತಂಗಿಯ ಪಾಲಿಗೆ ಹಾಗೇ ಇದ್ದಳು.

ಪ್ರದರ್ಶನದ ದಿನ ಕುರ್ಚಿ ಸಾಲದೆ ಬಾಗಿಲವರೆಗೂ ಜನ. ಮೊದಲ ಎರಡು ದೃಶ್ಯ ಸಲೀಸಾಗಿ ಮುಗಿದವು. ಮೂರನೆಯದರಲ್ಲಿ ಅಕ್ಕ ಮಗಳ ಮುಂದೆ ನಿಂತಳು, ಸುಮ್ಮನಾದಳು. ತಾಲೀಮಿನಲ್ಲಿ ಐದು ಎಣಿಸುವಷ್ಟು ಹೊತ್ತು ಮೌನ. ಇವತ್ತು ಎಂಟಾಯಿತು, ಒಂಬತ್ತಾಯಿತು. ಪುಟ್ಟಿಯ ಮುಷ್ಟಿ ಬಿಗಿಯಿತು.

ಫೋನು ಸದ್ದು ಮಾಡಲಿಲ್ಲ. ಆದರೆ ಸ್ಕ್ರೀನಿನ ತುಂಬ ಆರಿಸಬೇಕೋ, ಮರುಚಾಲನೆ ಮಾಡಬೇಕೋ ಎಂದು ಕೇಳುವ ದೊಡ್ಡ ದೊಡ್ಡ ಗುಂಡಿಗಳು ಬಂದು ಕೂತವು. ನಾಟಕದ ಸಾಲು ಒಂದೂ ಕಾಣದು! ಹಿಂದಕ್ಕೆ ಕಳಿಸೋಣವೆಂದರೆ ಬೆರಳೇ ಬಿಚ್ಚಲೊಲ್ಲದು, ಎಲ್ಲಿ ಏನು ಮುಟ್ಟಿ ಫೋನೇ ಆರಿಹೋದೀತೋ ಎಂಬ ಭಯ ಬೇರೆ. ಬಾಯಿಪಾಠವಾಗಿದ್ದ ಮಾತು ಕೂಡ ಅವಳ ತಲೆಯಿಂದ ಹಾರಿಹೋಗಿತ್ತು. ಇನ್ನೇನು ಮಾಡಿಯಾಳು? ತಲೆ ಎತ್ತಿ ಅಕ್ಕನನ್ನು ನೋಡಿದಳು.

ಅಕ್ಕ ಇತ್ತಲೇ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಕೂಡಿತು. ಎಷ್ಟು ಚೆಂದ ಕಾಣ್ತಾಳಪ್ಪ ನಮ್ಮಕ್ಕ ಅನ್ನಿಸಿತು ಪುಟ್ಟಿಗೆ. ಇಷ್ಟು ವರ್ಷ ಸಾಲು ಕಾಯುವುದರಲ್ಲಿ ಅಕ್ಕನ ಆಟವನ್ನೇ ಅವಳು ನೋಡಿರಲಿಲ್ಲ.

ಅಕ್ಕ ಕಿಟಕಿಯ ಕಡೆ ತಿರುಗಿದಳು. "ಹೊತ್ತು ಎಷ್ಟಾಯ್ತು?" ಎಂದಳು.

ಮೊದಲ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು. ಅಲ್ಲಿಂದ ಕೊನೆಯವರೆಗೂ ನಾಟಕ ನಿಲ್ಲಲಿಲ್ಲ. ಮೇಷ್ಟ್ರಂತೂ ಆ ಉದ್ದನೆಯ ಮೌನ ತಮ್ಮದೇ ಕಲ್ಪನೆಯೆಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು.

ಬಣ್ಣ ಒರೆಸಿಕೊಳ್ಳುವ ಕೋಣೆಯಲ್ಲಿ ಅಕ್ಕ ತಂಗಿಯ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ನಿಜವಾಗ್ಲೂ ಮರೆತಿದ್ದೆ ಕಣೇ," ಎಂದಳು ಮೆಲ್ಲಗೆ. "ಒಂದಕ್ಷರ ಬರಲಿಲ್ಲ. ಮುಗೀತು ನನ್ನ ಕಥೆ ಅಂತ ನಿನ್ ಕಡೆ ನೋಡಿದ್ರೆ, ನೀನು ಆ ಹಾಳು ಫೋನ್ ಬಿಟ್ಟು ನನ್ನೇ ನೋಡ್ತಾ ನಿಂತಿದ್ದೆ. ಇವಳಿಗೇ ಭಯ ಇಲ್ಲ ಅಂದ್ಮೇಲೆ ನಂಗ್ಯಾಕೆ ಅನ್ನಿಸ್ತು. ಮಾತು ತಾನಾಗೇ ಬಂತು."

ಪುಟ್ಟಿಗೆ ನಗು ತಡೆಯಲಾಗಲಿಲ್ಲ, ಅಳುವೂ. "ಭಯ ಇಲ್ದೆ ಏನಕ್ಕ! ಹಿಂಡಿದ ರಭಸಕ್ಕೆ ಆ ಆಫ್ ಮಾಡೋ ಮೆನು ಬಂದು ಕೂತಿತ್ತು. ನಂಗೆ ಒಂದು ಸಾಲೂ ಕಾಣಿಸ್ತಿರ್ಲಿಲ್ಲ."

ಅಕ್ಕ ಅರೆಬಣ್ಣದ ಮುಖದಲ್ಲಿ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಕನ್ನಡಿ ಅಲುಗುವ ಹಾಗೆ ನಕ್ಕಳು.

"ನಾಳೆಯೂ ಆಟ ಇದೆ," ಎಂದಳು. "ಕಾಣಿಸದ ಹಾಗೇ ಇಟ್ಕೋ."